5 ಲಕ್ಷದ ಆರೋಗ್ಯ ವಿಮೆ ಪಾಲಿಸಿ ಇದ್ದರೂ 2 ಲಕ್ಷದ ಆಸ್ಪತ್ರೆ ಬಿಲ್ ಪೂರ್ತಿ ಯಾಕೆ ಸಿಗಲ್ಲ?

ಪ್ರಶ್ನೆ: ಡಿಡಕ್ಟಿಬಲ್, ಕೋ-ಪೇ, ಸಬ್-ಲಿಮಿಟ್ ಮೂರೂ ಇದ್ದರೆ ಕೈಗೆ ಎಷ್ಟು ಸಿಗುತ್ತೆ?

ಉತ್ತರ: ಡಿಡಕ್ಟಿಬಲ್ ಅಂದರೆ ನೀವೇ ಕಟ್ಟಬೇಕಾದ ನಿಗದಿತ ಮೊತ್ತ, ಕೋ-ಪೇ ಅಂದರೆ ಬಿಲ್ಲಿನಲ್ಲಿ ನಿಮ್ಮ ಶೇಕಡಾವಾರು ಪಾಲು, ಸಬ್-ಲಿಮಿಟ್ ಅಂದರೆ ಒಂದೊಂದು ಖರ್ಚಿಗೆ ಕಂಪನಿ ಹಾಕಿದ ಮಿತಿ. ಜಾಸ್ತಿ ಹೊಡೆತ ಕೊಡೋದು ರೂಮ್ ಬಾಡಿಗೆಯ ಸಬ್-ಲಿಮಿಟ್. ದಿನಕ್ಕೆ 5,000 ಮಿತಿ ಇದ್ದು, ನೀವು 10,000ದ ರೂಮಿನಲ್ಲಿ 4 ದಿನ ಇದ್ದಿರಿ ಅಂದುಕೊಳ್ಳಿ. ಬಾಡಿಗೆ 40,000, ಡಾಕ್ಟರ್ ಮತ್ತು ಆಪರೇಷನ್ ಥಿಯೇಟರ್ 1 ಲಕ್ಷ, ಔಷಧಿ 60,000. ಒಟ್ಟು 2 ಲಕ್ಷ.

ಹೆಚ್ಚುವರಿ ಬಾಡಿಗೆ 20,000 ಮಾತ್ರ ನಮ್ಮದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಪಾಲಿಸಿಯಲ್ಲಿ ಅನುಪಾತದ ಕಡಿತದ ಷರತ್ತು ಇದ್ದರೆ ಹಾಗಲ್ಲ. ರೂಮು ಮಿತಿಯ ಎರಡು ಪಟ್ಟು ಇರೋದರಿಂದ ಡಾಕ್ಟರ್, ಥಿಯೇಟರ್ ಖರ್ಚೂ ಅರ್ಧವಾಗುತ್ತದೆ. ದುಬಾರಿ ರೂಮಿಗೆ ಆಸ್ಪತ್ರೆ ಅವನ್ನೂ ಜಾಸ್ತಿ ಹಾಕುತ್ತದೆ ಅನ್ನೋದು ಇದರ ಹಿಂದಿನ ಲೆಕ್ಕ. ಔಷಧಿಗೆ ಸಾಮಾನ್ಯವಾಗಿ ಈ ಕಡಿತ ಇಲ್ಲ. ಹಾಗಾಗಿ ಒಪ್ಪಿಗೆಯಾಗೋದು 20,000 + 50,000 + 60,000, ಅಂದರೆ 1,30,000.

ಇದರಲ್ಲಿ 30,000 ಡಿಡಕ್ಟಿಬಲ್ ಮೊದಲು ನಿಮ್ಮದು. ಉಳಿದ 1 ಲಕ್ಷದಲ್ಲಿ 20% ಕೋ-ಪೇ ಹೋದರೆ ಕಂಪನಿ ಕೊಡೋದು 80,000. ಕೋ-ಪೇ ಮೊದಲು ಕಳೆಯುವ ಪಾಲಿಸಿಯಾದರೆ 74,000 ಅಷ್ಟೇ! ಕ್ರಮ ಯಾವುದು ಅಂತ ಪಾಲಿಸಿ ಪತ್ರದಲ್ಲೇ ನೋಡಬೇಕು.

5,000ದ ರೂಮನ್ನೇ ತೆಗೆದುಕೊಂಡಿದ್ದರೆ ಅನುಪಾತದ ಕಡಿತ ಬರುತ್ತಲೇ ಇರಲಿಲ್ಲ. ಅಡ್ಮಿಟ್ ಆಗುವಾಗಲೇ ರೂಮಿನ ದರ ಕೇಳಿ. ಡಿಸ್ಚಾರ್ಜ್ ದಿನ ಕೇಳಿದರೆ ಪ್ರಯೋಜನ ಇಲ್ಲ.