ಸಂಘದ ಉಳಿತಾಯದಲ್ಲಿ ಉಪ್ಪಿನಕಾಯಿ, ಹಪ್ಪಳದ ವ್ಯಾಪಾರ ಶುರು ಮಾಡಬಹುದೇ?

ಪ್ರಶ್ನೆ: ನಮ್ಮದು ಮಲೆನಾಡಿನ ಹನ್ನೆರಡು ಮಹಿಳೆಯರ ಸ್ವಸಹಾಯ ಸಂಘ. ಮೂರು ವರ್ಷದ ಉಳಿತಾಯ ಒಂದೂವರೆ ಲಕ್ಷದಷ್ಟಿದೆ. ಅದನ್ನೇ ಬಂಡವಾಳ ಹಾಕಿ ಮಿಡಿ ಉಪ್ಪಿನಕಾಯಿ ಮತ್ತು ಹಲಸಿನ ಹಪ್ಪಳ ಮಾಡಿ ಮಾರಬೇಕೆಂದಿದ್ದೇವೆ. ಹಪ್ಪಳದ ಯಂತ್ರ ಕೊಳ್ಳಬೇಕೇ? ಲಾಭವನ್ನು ಸಮನಾಗಿ ಹಂಚಿಕೊಂಡರೆ ಸಾಕೇ?

ಉತ್ತರ:

ಉಳಿತಾಯದ ಹಣಕ್ಕೆ ಕೈ ಹಾಕಬೇಡಿ. ಯಂತ್ರ, ಲಾಭ ಎಲ್ಲ ಆಮೇಲಿನ ಮಾತು.

ಸಾಗರ ತಾಲೂಕಿನ ನಮ್ಮ ಸಂಘದಲ್ಲಿ ಹದಿನೈದು ಮಂದಿ ಇದ್ದೆವು. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು. ವಾರಕ್ಕೆ ತಲಾ 50 ರೂಪಾಯಿಯಂತೆ ಮೂರು ವರ್ಷ ಕಟ್ಟಿದ ಹಣಕ್ಕೆ ಒಳಸಾಲದ ಬಡ್ಡಿಯೂ ಸೇರಿ 1,30,000 ರೂಪಾಯಿ ಆಗಿತ್ತು. ಫೆಬ್ರವರಿಯಲ್ಲಿ ಅಪ್ಪೆಮಿಡಿ ಬರತೊಡಗಿದಾಗ ಅದರಲ್ಲಿ 1,10,000 ರೂಪಾಯಿ ತೆಗೆದು ಉಪ್ಪಿನಕಾಯಿಗೆ ಹಾಕಿದೆವು. ಸಭೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ನಿರ್ಣಯವನ್ನು ಬರೆದವಳೂ ನಾನೇ.

ಮಿಡಿಯನ್ನು ಆರಿಸುವುದು ನಮಗೆ ಗೊತ್ತಿತ್ತು. ಮರ ಹತ್ತಿ ಕೈಯಿಂದ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಿದ ಮಿಡಿಯನ್ನೇ ಕೊಂಡೆವು. ಕೊಂಬೆ ಅಲುಗಿಸಿ ನೆಲಕ್ಕೆ ಉದುರಿಸಿದ್ದು ಮೇಲುನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಪೆಟ್ಟು ಬಿದ್ದ ಜಾಗ ಉಪ್ಪಿನಲ್ಲಿ ಮೆತ್ತಗಾಗಿ, ಅಕ್ಕಪಕ್ಕದ ಮಿಡಿಗಳನ್ನೂ ಕೆಡಿಸುತ್ತದೆ. ತೊಟ್ಟು ಇರಬೇಕು, ಅದನ್ನು ಮುರಿದರೆ ಸೊನೆ ಚಿಮ್ಮಬೇಕು, ಒಳಗಿನ ಗೊರಟು ಇನ್ನೂ ಬಲಿತಿರಬಾರದು. ಅಪ್ಪೆಯ ಪರಿಮಳವೆಲ್ಲ ಆ ಸೊನೆಯಲ್ಲಿಯೇ ಇರುವುದು. ತೊಳೆದು, ನೆರಳಿನಲ್ಲಿ ನೀರಾರಿಸಿ, ನಾಲ್ಕು ಅಳತೆ ಮಿಡಿಗೆ ಒಂದು ಅಳತೆ ಹರಳುಪ್ಪಿನಂತೆ ಭರಣಿಯಲ್ಲಿ ಪದರ ಪದರವಾಗಿ ತುಂಬಿದೆವು. ಮಿಡಿ ಮುರುಟಿದ ಮೇಲೆ ಉಪ್ಪುನೀರು ಬಸಿದು, ಕುದಿಸಿ ಆರಿಸಿ, ಸಾಸಿವೆ ಮತ್ತು ಬ್ಯಾಡಗಿ ಮೆಣಸಿನ ಪುಡಿ ಕಲಸಿ, ಏಪ್ರಿಲ್ ಮುಗಿಯುವ ಹೊತ್ತಿಗೆ ಅಷ್ಟನ್ನೂ ಬಾಟಲಿಗೆ ತುಂಬಿ ಚೀಟಿ ಅಂಟಿಸಿದೆವು.

ಉಪ್ಪಿನಕಾಯಿ ಕೆಡಲಿಲ್ಲ. ಒಂದು ಭರಣಿಗೂ ಬೂಷ್ಟು ಹಿಡಿಯಲಿಲ್ಲ. ದೀಪಾವಳಿಯ ಹೊತ್ತಿಗೆ ಪೂರ್ತಿ ಖರ್ಚಾಗಿ ಲಾಭವೂ ಬಂತು. ಆದರೆ ಅಷ್ಟರಲ್ಲಿ ಸಂಘವೇ ಒಡೆದಿತ್ತು.

ಜೂನ್ ಮೊದಲ ವಾರದಲ್ಲಿ ನಮ್ಮಲ್ಲೊಬ್ಬರು ಮಗಳನ್ನು ಪಿಯುಸಿಗೆ ಸೇರಿಸಲು 8,000 ರೂಪಾಯಿ ಸಾಲ ಕೇಳಿದರು. ಹಿಂದಿನ ವರ್ಷವಾಗಿದ್ದರೆ ಅದೇ ಸಭೆಯಲ್ಲಿ ಎಣಿಸಿ ಕೊಡುತ್ತಿದ್ದೆವು. ಈಗ ಉಳಿದ 20,000 ರೂಪಾಯಿ ಆಗಲೇ ಬೇರೆಯವರಿಗೆ ಹೋಗಿತ್ತು. ಹಣ ಬಾಟಲಿಯಲ್ಲಿತ್ತು, ಬಾಟಲಿ ಅಂಗಡಿಗಳಲ್ಲಿತ್ತು. ಅಂಗಡಿಯವರು ಮಾಲನ್ನು ಉದ್ರಿ ಇಟ್ಟುಕೊಂಡು, ಮಾರಾಟವಾದ ಮೇಲಷ್ಟೇ ಕೊಡುವವರು. ಆಕೆ ವಾರದ ಕಂತಿನ ಕಿರುಸಾಲ ಕಂಪನಿಯೊಂದರಿಂದ ಹಣ ತಂದರು. ಆ ಕಂತು ಕಟ್ಟಿದ ಮೇಲೆ ನಮ್ಮ 50 ರೂಪಾಯಿ ಕಟ್ಟಲು ಅವರಲ್ಲಿ ಉಳಿಯುತ್ತಿರಲಿಲ್ಲ. ಕಟ್ಟಲಾಗದ ನಾಚಿಕೆಗೆ ಸಭೆಗೂ ಬರುವುದನ್ನು ಬಿಟ್ಟರು. ಗೊಬ್ಬರಕ್ಕೆಂದು ಕೇಳಿದ ಇನ್ನಿಬ್ಬರಿಗೂ ಹೀಗೆಯೇ ಆಯಿತು. ಹಳೆಯ ಸಾಲ ಬಾಕಿ ಇದ್ದವರು, “ನನ್ನ ಉಳಿತಾಯ ನಿಮ್ಮ ಬಾಟಲಿಯಲ್ಲಿ ಕೂತಿದೆ, ನಾನೇಕೆ ಕಂತು ಕಟ್ಟಲಿ?” ಎಂದು ಕೇಳತೊಡಗಿದರು. ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅವರು ಕೇಳಿದ್ದು ನ್ಯಾಯವಾಗಿತ್ತು. ಮಳೆಗಾಲ ಮುಗಿಯುವಾಗ ಬ್ಯಾಂಕಿನವರು ಸಾಲ ಕೊಡುವ ಮುನ್ನ ಪಂಚಸೂತ್ರ ನೋಡಲು ಬಂದರು. ವಾರದ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕದ ಪುಸ್ತಕ ಎಂಬ ಐದರಲ್ಲಿ ನಮ್ಮಲ್ಲಿ ನೆಟ್ಟಗಿದ್ದದ್ದು ಪುಸ್ತಕ ಮಾತ್ರ. ಸಾಲ ಸಿಗಲಿಲ್ಲ. ಆರು ಮಂದಿ ಹೊರಗೆ ಹೋದರು.

ಈ ತಪ್ಪನ್ನು ಇನ್ನಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ಇದು ಮುಂಚೆ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕಡೆ ಅಡಿಕೆ ಕೊಯ್ಲು ಮುಗಿದ ಮೇಲೆ, ಅಂದರೆ ಜನವರಿಯಿಂದ ಮಾರ್ಚ್‌ವರೆಗೆ, ಮನೆಗಳಲ್ಲಿ ಸ್ವಲ್ಪ ದುಡ್ಡು ಆಡುತ್ತದೆ. ಆಗ ಯಾರೂ ಸಾಲ ಕೇಳುವುದಿಲ್ಲ, ಪೆಟ್ಟಿಗೆ ತುಂಬಿರುತ್ತದೆ, ಇದು ಸುಮ್ಮನೆ ಬಿದ್ದಿರುವ ಹಣ ಎನಿಸುತ್ತದೆ. ಮಿಡಿ ಬರುವುದು ಅದೇ ಹೊತ್ತಿಗೆ. ಅದರ ಬೆನ್ನಿಗೇ ಏಪ್ರಿಲ್, ಮೇನಲ್ಲಿ ಹಪ್ಪಳದ ಹಲಸಿನಕಾಯಿ. ಎರಡೂ ಕೈಯಲ್ಲಿ ನಗದು ಕೇಳುವ ಮಾಲು. ಮಾರಿದ ಹಣ ಕೈಸೇರುವುದು ಆಗಸ್ಟ್‌ನ ಹಬ್ಬಗಳಿಂದ ದೀಪಾವಳಿಯವರೆಗೆ. ನಡುವಿನ ಜೂನ್, ಜುಲೈನಲ್ಲಿ ಶಾಲೆಯ ಶುಲ್ಕ, ಬಿತ್ತನೆ, ಗೊಬ್ಬರ, ಮಳೆಗಾಲದ ಜ್ವರ ಎಲ್ಲವೂ ಒಟ್ಟಿಗೆ ಬರುತ್ತವೆ. ಸಂಘದ ಹೆಂಗಸರು ವರ್ಷವಿಡೀ ಐವತ್ತೈವತ್ತು ಕೂಡಿಸುವುದೇ ಆ ಎರಡು ತಿಂಗಳಿಗಾಗಿ. ಉಪ್ಪಿನಕಾಯಿ ನಷ್ಟ ಮಾಡಿದ್ದರೆ ಮಾತ್ರ ಅಪಾಯ ಎಂದು ನಾವು ತಿಳಿದಿದ್ದೆವು. ಲಾಭ ಮಾಡಿದ ಉಪ್ಪಿನಕಾಯಿಯೂ ಜೂನ್‌ನಲ್ಲಿ ಶುಲ್ಕ ಕಟ್ಟಲಾರದು ಎಂಬುದು ಲೆಕ್ಕ ಬರೆಯುವ ನನಗೇ ಹೊಳೆಯಲಿಲ್ಲ. ಹಿಂದಿನ ವರ್ಷದ ಸಾಲದ ಪುಟಗಳನ್ನು ತಿರುವಿದ್ದರೆ ಸಾಕಿತ್ತು.

ಅಷ್ಟನ್ನೂ ಒಮ್ಮೆಗೇ ಬಾಟಲಿಗೆ ತುಂಬಿದ್ದು ಈ ತಪ್ಪಿನ ಇನ್ನೊಂದು ಮುಖ. ನಮ್ಮ 1,10,000 ರೂಪಾಯಿಯಲ್ಲಿ ಮಿಡಿ ಮತ್ತು ಉಪ್ಪಿಗೆ ಹೋದದ್ದು 45,000 ಮಾತ್ರ. ಮೆಣಸಿನ ಪುಡಿ, ಸಾಸಿವೆಗೆ 30,000, ಬಾಟಲಿ, ಮುಚ್ಚಳ, ಚೀಟಿಗೆ 20,000, ಸೌದೆ, ಸಾಗಣೆ, ಬಾಡಿಗೆಗೆ 15,000. ಮಿಡಿ ಒಂದನ್ನೇ ಋತುವಿನಲ್ಲಿ ಕೊಳ್ಳಬೇಕು. ಸರಿಯಾಗಿ ಉಪ್ಪು ಹಾಕಿದ ಮಿಡಿ, ಉಪ್ಪುನೀರಿನಲ್ಲಿ ಮುಳುಗಿರುವವರೆಗೆ, ಭರಣಿಯಲ್ಲಿ ವರ್ಷದ ಮೇಲೂ ಇರುತ್ತದೆ. ಮಸಾಲೆಯನ್ನು ಬೇಡಿಕೆ ಬಂದಂತೆ ಕಲಸಿದರೆ ಸಾಕು. ಆಗ ಬಾಟಲಿಯ ಹಣ, ಮೆಣಸಿನ ಹಣ ಮೊದಲ ಮಾರಾಟದಿಂದಲೇ ಹೊರಡುತ್ತದೆ. ರುಚಿಗೂ ಇದೇ ಒಳ್ಳೆಯದು. ಆಗಷ್ಟೇ ಅರೆದ ಸಾಸಿವೆಯ ಘಾಟು, ಆರು ತಿಂಗಳು ಬಾಟಲಿಯಲ್ಲಿ ಕೂತ ಸಾಸಿವೆಗೆ ಇರುವುದಿಲ್ಲ. ಭರಣಿಯನ್ನು ವಾರಕ್ಕೊಮ್ಮೆ ತೆರೆದು ನೋಡಬೇಕು: ಒತ್ತಿದರೆ ಮಿಡಿ ಗಟ್ಟಿಯಾಗಿರಬೇಕು, ನೀರಿನ ಮೇಲೆ ತೇಲುತ್ತಿರುವುದನ್ನು ಒಳಗೊತ್ತಿ ಮೇಲೆ ತೂಕ ಇಡಬೇಕು, ಮೆತ್ತಗಾದದ್ದನ್ನು ಕೂಡಲೇ ತೆಗೆಯಬೇಕು. ಕೊಳ್ಳುವವರು ಉಪ್ಪು ಜಾಸ್ತಿ ಎನ್ನುತ್ತಾರೆಂದು ಉಪ್ಪು ಕಡಿಮೆ ಮಾಡಬೇಡಿ. ಎಣ್ಣೆಯಿಲ್ಲದ ಈ ಉಪ್ಪಿನಕಾಯಿಯನ್ನು ಕಾಯುವುದು ಉಪ್ಪೇ.

ಉಳಿದ ಒಂಬತ್ತು ಮಂದಿ ಮತ್ತೆ ಕೂಡಿದಾಗ ಎರಡು ಪುಸ್ತಕ, ಎರಡು ಬ್ಯಾಂಕ್ ಖಾತೆ ಮಾಡಿಕೊಂಡೆವು. ಒಂದು ಸಂಘದ್ದು, ಇನ್ನೊಂದು ಉಪ್ಪಿನಕಾಯಿಯದು. ವ್ಯಾಪಾರಕ್ಕೆ ಸೇರಲು ಮನಸ್ಸಿದ್ದವರು ಬೇರೆಯಾಗಿ ಬಂಡವಾಳ ಹಾಕಿದರು. ಮನಸ್ಸಿಲ್ಲದವರು ಉಳಿತಾಯ ಮಾಡಿಕೊಂಡು ಸಂಘದಲ್ಲಿಯೇ ಇದ್ದಾರೆ, ಅವರಿಗೆ ಯಾವ ಕೊರತೆಯೂ ಇಲ್ಲ. ಹಿಂದಿನ ವರ್ಷ ಜೂನ್, ಜುಲೈನಲ್ಲಿ ಸದಸ್ಯರು ಎಷ್ಟು ಸಾಲ ಪಡೆದಿದ್ದರೋ ಅಷ್ಟು ಹಣ ಈ ವರ್ಷ ಮೇ ಕೊನೆಗೆ ಖಾತೆಯಲ್ಲಿ ಇರಲೇಬೇಕು. ಅದಕ್ಕಿಂತ ಮೇಲಿದ್ದರೆ ವ್ಯಾಪಾರ ಅದನ್ನು ಸಾಲವಾಗಿ ಪಡೆಯಬಹುದು, ಉಳಿದೆಲ್ಲರಂತೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಕೊಟ್ಟು. ನಿಮ್ಮಲ್ಲಿ ಒಂದೂವರೆ ಲಕ್ಷ ಇದೆ ಎಂದಿದ್ದೀರಿ. ಅದರಲ್ಲಿ 30,000 ಈಗಲೇ ಸದಸ್ಯರ ಸಾಲದಲ್ಲಿದ್ದು, ಕಳೆದ ಜೂನ್, ಜುಲೈನಲ್ಲಿ 80,000 ಸಾಲ ಹೋಗಿತ್ತು ಎಂದಿಟ್ಟುಕೊಳ್ಳಿ. ಆಗ ವ್ಯಾಪಾರಕ್ಕೆ ಸಿಗುವುದು 40,000 ಮಾತ್ರ. ಮಿಡಿಗೂ ಉಪ್ಪಿಗೂ ಅದು ಸಾಕು.

ಹೆಚ್ಚು ಬೇಕೆಂದರೆ ಹೊರಗಿನಿಂದ ತನ್ನಿ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಪಿಎಂಎಫ್‌ಎಂಇ ಯೋಜನೆಯಲ್ಲಿ, ಇಂಥ ಕೆಲಸ ಮಾಡುವ ಸ್ವಸಹಾಯ ಸಂಘದ ಪ್ರತಿ ಸದಸ್ಯೆಯ ಲೆಕ್ಕದಲ್ಲಿ ಗರಿಷ್ಠ 40,000 ರೂಪಾಯಿ ಬೀಜಧನವಿದೆ. ಅದು ಒಕ್ಕೂಟದ ಮೂಲಕ ಸಾಲವಾಗಿ ಬರುತ್ತದೆ, ತೀರಿಸಬೇಕಾಗುತ್ತದೆ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಸಂಜೀವಿನಿ ಒಕ್ಕೂಟದಲ್ಲಿ ಕೇಳಿ. 1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಲಿಜ್ಜತ್ ಹಪ್ಪಳ ಆರಂಭಿಸಿದ ಏಳು ಮಹಿಳೆಯರು ಕೂಡ ಹೊರಗಿನಿಂದ ಸಾಲ ತಂದ 80 ರೂಪಾಯಿಯಿಂದಲೇ ಹೊರಟವರು.

ಯಂತ್ರ ಬೇಡ. ಮಲೆನಾಡಿನಲ್ಲಿ ಹಪ್ಪಳಕ್ಕೆ ತೊಡಕು ಒತ್ತುವುದಲ್ಲ, ಒಣಗಿಸುವುದು. ಯಂತ್ರ ಗಂಟೆಗೆ ಎಷ್ಟೇ ಒತ್ತಿಕೊಟ್ಟರೂ ಅಷ್ಟನ್ನು ಹರಡಲು ಚಾಪೆ, ಅಂಗಳ, ಬಿಸಿಲು ಬೇಕು. ಮೇ ಕೊನೆಯಲ್ಲಿ ಮೋಡ ಕಟ್ಟಿದರೆ ಒತ್ತಿದ್ದೆಲ್ಲ ಹಾಳು. ಲಿಜ್ಜತ್‌ನವರೂ ಮೊದಲ ವರ್ಷ ಮಳೆಗೆ ನಾಲ್ಕು ತಿಂಗಳು ಕೆಲಸ ನಿಲ್ಲಿಸಬೇಕಾಯಿತು. ಮರುವರ್ಷ ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಒಲೆ ಇಟ್ಟು ಒಣಗಿಸಿದರು. ನಿಮ್ಮಲ್ಲಿ ದುಡ್ಡು ಇದ್ದರೆ ಅಂಥದ್ದೊಂದು ಒಣಗಿಸುವ ವ್ಯವಸ್ಥೆಗೆ ಹಾಕಿ. ಹಲಸಿನ ಹಪ್ಪಳವನ್ನು ಮುರಿದಾಗ ಟಕ್ಕೆಂದು ತುಂಡಾಗಬೇಕು. ಬಾಗಿದರೆ ಒಳಗೆ ಪಸೆ ಇದೆ, ಕಟ್ಟಿನಲ್ಲಿ ಖಂಡಿತ ಬೂಷ್ಟು ಬರುತ್ತದೆ.

ಲಾಭವನ್ನು ಸಮನಾಗಿ ಹಂಚುವುದು ನ್ಯಾಯವೆಂದು ಮೊದಲ ವರ್ಷ ನಾವೂ ಹಂಚಿದೆವು. ದಿನಾ ಬಂದು ಭರಣಿ ಕುಲುಕಿ ಮಿಡಿ ಮೇಲೆಕೆಳಗೆ ಮಾಡಿದವರಿಗೂ, ಚೀಟಿ ಅಂಟಿಸುವ ದಿನ ಮಾತ್ರ ಬಂದವರಿಗೂ ಒಂದೇ ಮೊತ್ತ ಸಿಕ್ಕಿತು. ಈಗ ಕೂಲಿ ಮೊದಲು, ಲಾಭ ಆಮೇಲೆ. ನೂರು ಹಪ್ಪಳ ಒತ್ತಿದರೆ ಇಷ್ಟು, ಒಂದು ಕಿಲೋ ಮಿಡಿ ಆರಿಸಿದರೆ ಇಷ್ಟು ಎಂದು ದರ ಬರೆದು ಗೋಡೆಗೆ ಅಂಟಿಸಿದ್ದೇವೆ. ಆ ಕೂಲಿಯನ್ನು ಖರ್ಚಿನಲ್ಲಿಯೇ ಸೇರಿಸಿ ಬಾಟಲಿಯ ಬೆಲೆ ಕಟ್ಟುತ್ತೇವೆ, ಕೂಲಿಯನ್ನು ಅದೇ ವಾರದ ಸಭೆಯಲ್ಲಿ ಕೊಡುತ್ತೇವೆ. ವರ್ಷದ ಕೊನೆಗೆ ಉಳಿದದ್ದನ್ನು ಬಂಡವಾಳ ಹಾಕಿದ ಪ್ರಮಾಣದಲ್ಲಿ ಹಂಚಿ, ಒಂದು ಪಾಲನ್ನು ಮುಂದಿನ ಮಿಡಿಗೆ ಎತ್ತಿಡುತ್ತೇವೆ.

ಮುಂದಿನ ಸಭೆಗೆ ಸಾಲದ ಪುಸ್ತಕ ತೆಗೆದುಕೊಂಡು ಹೋಗಿ, ಕಳೆದ ವರ್ಷದ ಜೂನ್, ಜುಲೈ ಪುಟಗಳನ್ನು ಎಲ್ಲರೆದುರು ಕೂಡಿ. ಆ ಮೊತ್ತವನ್ನು ಇಲ್ಲಿ ಬರೆದರೆ ಎಷ್ಟು ಮಿಡಿಗೆ ಮುಂಗಡ ಕೊಡಬಹುದೆಂದು ಲೆಕ್ಕ ಹಾಕಿ ತಿಳಿಸುತ್ತೇನೆ.