ಹಿರಿಯರಿಗೆ ಫೋನ್ ವಂಚನೆಯ ವಿಡಿಯೊ: ಯಾವ ಮಾತನ್ನು ಮತ್ತೆ ಮತ್ತೆ ಹೇಳಬೇಕು?

"ನಮ್ಮ ಬಡಾವಣೆಯ ಹಿರಿಯರಿಗೆ ಫೋನ್ ವಂಚನೆ ಗುರುತಿಸೋದು ಹೇಗೆ ಅಂತ ವಿಡಿಯೊ ಮಾಡ್ತಿದ್ದೀನಿ. ಎಷ್ಟು ನಿಧಾನವಾಗಿರಬೇಕು, ಏನನ್ನ ಮತ್ತೆ ಮತ್ತೆ ಹೇಳಬೇಕು?"

ಬಸವನಗುಡಿಯಲ್ಲಿ ನಮ್ಮ ಬೀದಿಯವರಿಗಾಗಿ ನಾನೂ ಇಂಥದ್ದೊಂದು ಮಾಡಿದ್ದೆ. ಮೊದಲ ಸಲ ಓಟಿಪಿ, ಕೆವೈಸಿ, ಲಾಟರಿ, ಕರೆಂಟ್ ಬಿಲ್ಲು ಎಲ್ಲವನ್ನೂ 12 ನಿಮಿಷಕ್ಕೆ ತುಂಬಿದೆ. ಎರಡು ದಿನ ಬಿಟ್ಟು ಕೇಳಿದಾಗ ಅಮ್ಮ, "ಯಾರಿಗೋ ನಂಬರ್ ಹೇಳಬಾರದು ಅಂದಿದ್ಯಲ್ಲ" ಅಂದರು. ಯಾವ ನಂಬರ್ ಅನ್ನೋದು ನೆನಪಿರಲಿಲ್ಲ. ಹಾಗಾಗಿ ಒಂದು ವಿಡಿಯೊಗೆ ಒಂದೇ ಮೋಸ ಇರಲಿ.

ಮೊದಲು 'ಡಿಜಿಟಲ್ ಅರೆಸ್ಟ್' ತಗೊಳ್ಳಿ. ಜೀವಮಾನದ ಉಳಿತಾಯವೇ ಇದರಲ್ಲಿ ಹೋಗಿಬಿಡಬಹುದು. "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ" ಅಂತ ಕರೆ ಬರುತ್ತೆ. ಆಮೇಲೆ ವಿಡಿಯೊ ಕಾಲ್‌ನಲ್ಲಿ ಪೊಲೀಸ್ ಸಮವಸ್ತ್ರದವನು ಕಾಣಿಸ್ತಾನೆ. ಅವನ ಆಜ್ಞೆ ಎರಡೇ: ಫೋನ್ ಕಟ್ ಮಾಡಬೇಡಿ, ಯಾರಿಗೂ ಹೇಳಬೇಡಿ. ತನಿಖೆ ಮುಗಿಯೋವರೆಗೆ ಹಣವನ್ನು "ಪರಿಶೀಲನೆಗೆ" ಬೇರೆ ಖಾತೆಗೆ ಕಳಿಸಿ ಅನ್ನೋದು ಕೊನೆಗೆ ಬರುತ್ತೆ.

ನೀವು ಪದೇ ಪದೇ ಹೇಳಬೇಕಾದ್ದು ಆ ಎರಡು ಆಜ್ಞೆಗೆ ನೇರ ವಿರುದ್ಧವಾದ ಮಾತು: "ಫೋನ್ ಇಡಿ. ಮನೆಯವರಿಗೆ ಹೇಳಿ." ಪಾರ್ಸೆಲ್ ಬದಲು ಸಿಮ್ ಕಾರ್ಡ್, ಆಧಾರ್ ಅಂತ ಕಥೆ ಬದಲಾದರೂ ಈ ಮಾತು ಕೆಲಸಕ್ಕೆ ಬರುತ್ತೆ. ಪಾರ್ಸೆಲ್ ಹೆಸರು ಬಂದ ಕೂಡಲೇ ಒಮ್ಮೆ, ಸಮವಸ್ತ್ರ ಕಂಡಾಗ ಒಮ್ಮೆ, ಹಣ ಕೇಳಿದಾಗ ಒಮ್ಮೆ ದೃಶ್ಯ ನಿಲ್ಲಿಸಿ, ಅದೇ ಪದಗಳಲ್ಲಿ, ಅದೇ ದನಿಯಲ್ಲಿ ಹೇಳಿ. ಪದ ಬದಲಿಸಿದರೆ ಕೇಳುವವರಿಗೆ ಅದು ಹೊಸ ಮಾತಾಗುತ್ತೆ.

ನಿಧಾನ ಅಂದರೆ ಎಳೆದೆಳೆದು ಮಾತಾಡೋದಲ್ಲ. ಮಾಮೂಲಿನಂತೆ ಮಾತಾಡಿ, ಪ್ರತಿ ಮುಖ್ಯ ಮಾತಿನ ನಂತರ ಮನಸ್ಸಲ್ಲೇ ಐದು ಎಣಿಸಿ. ಎಡಿಟ್ ಮಾಡುವಾಗ ಆ ಮೌನ ಕತ್ತರಿಸಬೇಡಿ, ಹಿನ್ನೆಲೆ ಸಂಗೀತ ಹಾಕಬೇಡಿ. ಕಿವಿ ಮಂದವಾದವರಿಗೆ ಮಾತು, ಸಂಗೀತ ಎರಡೂ ಒಂದಾಗಿಬಿಡುತ್ತೆ. ತೆರೆಯ ಮೇಲೆ ಒಂದು ಸಲಕ್ಕೆ ನಾಲ್ಕೈದು ಪದ ಸಾಕು, ಆದರೆ ದಪ್ಪಕ್ಷರದಲ್ಲಿರಲಿ. ವಾಟ್ಸ್ಆ್ಯಪ್‌ನಲ್ಲಿ ಹೋಗುವಾಗ ಸಣ್ಣಕ್ಷರ ಮಸುಕಾಗುತ್ತೆ.

ಒಂದು ತೊಡಕು ನನಗೆ ತಡವಾಗಿ ತಿಳಿಯಿತು. ಪೊಲೀಸರ ಫೋನನ್ನು ಮಧ್ಯದಲ್ಲಿ ಇಡೋದು ಅಮ್ಮನಿಗೆ ಅವಮರ್ಯಾದೆ ಅನ್ನಿಸ್ತಿತ್ತು. "ದೊಡ್ಡ ಅಧಿಕಾರಿ ಮಾತಾಡ್ತಿರೋವಾಗ ಹೇಗಪ್ಪಾ ಇಡೋದು?" ಅಂದರು. ಎರಡನೇ ವಿಡಿಯೊದಲ್ಲಿ ಪಕ್ಕದ ಮನೆಯ ಅಜ್ಜಿ ಉತ್ತರ ಕೊಡದೆ ಫೋನ್ ಕಟ್ ಮಾಡಿ, ಮಗಳನ್ನು ಕರೆಯೋದನ್ನು ತೋರಿಸಿದೆ. ಜೊತೆಗೆ, ವಿಡಿಯೊ ಕಾಲ್‌ನಲ್ಲಿ ಬಂಧಿಸುವ ಪದ್ಧತಿ ನಮ್ಮ ಕಾನೂನಿನಲ್ಲೇ ಇಲ್ಲ ಅಂತ ಬಿಡಿಸಿ ಹೇಳಿದೆ. ಆಮೇಲೆ ಅಮ್ಮ ಒಪ್ಪಿದರು.

ಹಣ ಹೋಗಿಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಆ ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯುವ ಅವಕಾಶ ಹೆಚ್ಚು. "ಒಂದು, ಒಂಬತ್ತು, ಮೂರು, ಸೊನ್ನೆ" ಅಂತ ಬಿಡಿಬಿಡಿಯಾಗಿ ಎರಡು ಸಲ ಹೇಳಿ, ವಿಡಿಯೊ ಅಲ್ಲೇ ನಿಲ್ಲಿಸಿ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದುಕೊಳ್ಳೋಕೆ ಹೇಳಿ. ಗಾಬರಿಯಲ್ಲಿ ವಿಡಿಯೊ ಹುಡುಕೋಕೆ ಆಗಲ್ಲ, ಕ್ಯಾಲೆಂಡರ್ ಕಣ್ಣೆದುರೇ ಇರುತ್ತೆ.