ರೆಕಾರ್ಡಿಂಗಲ್ಲಿ ಕೇಳಿಸದ ಜಾಗ

ಪ್ರಶ್ನೆ: ಮುಂಬೈನ ಮಾಟುಂಗಾದ ಹೋಟೆಲ್‌ನಲ್ಲಿ ಕೆಲಸ ಮಾಡಿದ್ದ ಅಜ್ಜರ ಇಂಟರ್ವ್ಯೂ ಟೈಪ್ ಮಾಡ್ತಿದೀನಿ, ಲೋಕಲ್ ಟ್ರೇನ್ ಸದ್ದಲ್ಲಿ ಮಧ್ಯೆ ಮಾತೇ ಕೇಳಲ್ಲ, ಅಲ್ಲೇನು ಬರೀಲಿ?

ಉತ್ತರ: ಏನೂ ಕೇಳಿಸದೇ ಇರೋದು ಬೇರೆ, ಅರ್ಧಂಬರ್ಧ ಕೇಳಿಸೋದು ಬೇರೆ, ಎರಡಕ್ಕೂ ಒಂದೇ ಚುಕ್ಕಿ ಚುಕ್ಕಿ ಹಾಕ್ಬೇಡಿ. ಪೂರ್ತಿ ಹೋಗಿದ್ರೆ [ಕೇಳಿಸಲಿಲ್ಲ, 12:41, 4 ಸೆಕೆಂಡ್] ಅಂತ ಟೈಮ್ ಸಮೇತ ಬರೀರಿ, ಆಮೇಲೆ ಯಾರಾದ್ರೂ ಸೀದಾ ಅಲ್ಲಿಗೇ ಹೋಗಿ ಕೇಳ್ಬಹುದು.

ಅರ್ಧ ಕೇಳಿಸೋದೇ ಡೇಂಜರ್. ಅಜ್ಜ "ತಿಂಗಳಿಗೆ …ಪ್ಪತ್ತು ರೂಪಾಯಿ" ಅಂದ್ರು ಅಂದ್ಕೊಳ್ಳಿ, ಅದು ಇಪ್ಪತ್ತೂ ಆಗಬಹುದು ಎಪ್ಪತ್ತೂ ಆಗಬಹುದು, ಆ ಕಾಲಕ್ಕೆ ಎಪ್ಪತ್ತೇ ಇರ್ಬೇಕು ಅಂತ ಒಂದ್ಸಲ ತಲೇಲಿ ಕೂತ್ರೆ ಮುಗೀತು, ಎಷ್ಟು ಸಲ ಕೇಳಿದ್ರೂ ಎಪ್ಪತ್ತೇ ಕೇಳ್ಸುತ್ತೆ. ಅದಕ್ಕೆ ಕೇಳಿಸಿದಷ್ಟೇ ಬರೀರಿ: "ತಿಂಗಳಿಗೆ [ಇಪ್ಪತ್ತು/ಎಪ್ಪತ್ತು? 12:47] ರೂಪಾಯಿ". ಹೆಡ್‌ಫೋನ್ ಹಾಕಿ, ಸ್ಪೀಡ್ ಸ್ವಲ್ಪ ಇಳಿಸಿ ಮೂರ್ನಾಲ್ಕು ಸಲ ಕೇಳಿ, ಆಗ್ಲಿಲ್ಲಾಂದ್ರೆ ಬಿಟ್ಟು ಮಾರನೇ ದಿನ ನೋಡಿ. ನಾಯ್ಸ್ ರಿಡಕ್ಷನ್ ಮಾಡಿದ ಕಾಪೀನ ಪೂರ್ತಿ ನಂಬ್ಬೇಡಿ, ಅದು ಟ್ರೇನ್ ಸದ್ದಿನ ಜೊತೆ ಅಕ್ಷರಾನೂ ನುಂಗುತ್ತೆ, ಒರಿಜಿನಲ್ ಪಕ್ಕದಲ್ಲೇ ಇರ್ಲಿ.

ಬೇರೆಯವ್ರಿಗೆ ಕೇಳಿಸೋವಾಗ ನಿಮ್ಮ ಊಹೆ ಹೇಳ್ಬೇಡಿ, ಟೈಮ್ ಮಾತ್ರ ಕೊಡಿ. ಅಜ್ಜರನ್ನ ಕೇಳೋಕಾದ್ರೂ "ಎಪ್ಪತ್ತಾ ಅಜ್ಜಾ?" ಅನ್ಬೇಡಿ, ಹೂಂ ಅಂದ್ಬಿಡ್ತಾರೆ. "ಆಗ ಸಂಬಳ ಎಷ್ಟಿತ್ತು?" ಅಂತ ಕೇಳಿ, ಬಂದ ಉತ್ತರಾನ ಅಡಿಟಿಪ್ಪಣೀಲಿ "ಆಮೇಲೆ ಕೇಳಿದಾಗ ಹೇಳಿದ್ದು" ಅಂತ ತಾರೀಖು ಹಾಕಿ ಬರೀರಿ, ಮೂಲ ಮಾತಿನೊಳಗೆ ತುರುಕ್ಬೇಡಿ.